ಮೂರು ಸಾವಿರ ಚೀಟಿ, ಹತ್ತು ರೋಗಿಗಳು, ಒಂದು 4.6

ಮೂರು ಸಾವಿರ ಚೀಟಿ! ಒಂದೊಂದರ ಮೇಲೂ ಒಬ್ಬ ಕೈದಿಯ ಎತ್ತರ, ಎಡಗೈ ನಡುಬೆರಳಿನ ಉದ್ದ. ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿಯನ್ನೂ ಚದುರುವಿಕೆಯನ್ನೂ ಕೈಯಲ್ಲೇ ಲೆಕ್ಕ ಹಾಕಿದವನು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಆತ ಪ್ರಕಟಿಸಿದ ಲೇಖನ ಓದಿದಾಗ ನನಗೆ ಮೈ ಜುಮ್ಮೆಂದಿತು.

ಆತ ಹಿಡಿದ ಗುಟ್ಟು ಇದು. ನಿಜವಾದ ಚದುರುವಿಕೆ ನಮಗೆ ಗೊತ್ತಿಲ್ಲ, ಕೈಯಲ್ಲಿರುವ ನಾಲ್ಕೇ ಅಳತೆಗಳಿಂದ ಅದನ್ನು ಅಂದಾಜು ಮಾಡಬೇಕು. ಆ ನಾಲ್ಕೂ ಆಕಸ್ಮಿಕವಾಗಿ ಒತ್ತೊತ್ತಾಗಿ ಬಂದುಬಿಟ್ಟರೆ? ಚದುರುವಿಕೆ ಕಡಿಮೆ ಎಂದು ಕಾಣುತ್ತದೆ, ನಾವು ಇಲ್ಲದ ಧೈರ್ಯ ತಂದುಕೊಳ್ಳುತ್ತೇವೆ. ದೊಡ್ಡ ಮಾದರಿಗೆ ಹೊಂದುವ 1.96ನ್ನೇ ಇಲ್ಲಿ ಬಳಸಿದರೆ, ನೂರಕ್ಕೆ ಐದು ಸಲ ತಪ್ಪಬೇಕಾದ ಲೆಕ್ಕ ಹದಿನಾಲ್ಕು ಹದಿನೈದು ಸಲ ತಪ್ಪುತ್ತದೆ! ನಾಲ್ಕು ಅಳತೆಗೆ ಬೇಕಾದದ್ದು 3.18, ಹತ್ತಕ್ಕೆ 2.26. ಅಳತೆ ಹೆಚ್ಚಿದಷ್ಟೂ ಈ ಸಂಖ್ಯೆ 1.96ರತ್ತ ಇಳಿಯುತ್ತದೆ.

ಗಾಸೆಟ್ ಎತ್ತಿಕೊಂಡ ಉದಾಹರಣೆಯನ್ನೇ ನೋಡಿ. ಹತ್ತು ರೋಗಿಗಳಿಗೆ ಎರಡು ನಿದ್ರೆ ಔಷಧಿ ಕೊಟ್ಟಿದ್ದರು. ಮೊದಲನೆಯದಕ್ಕಿಂತ ಎರಡನೆಯದರಿಂದ ಒಬ್ಬೊಬ್ಬರಿಗೆ ಹೆಚ್ಚಾಗಿ ಬಂದ ನಿದ್ರೆ, ಗಂಟೆಗಳಲ್ಲಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ 1.58. ಪ್ರತಿ ಸಂಖ್ಯೆ ಸರಾಸರಿಯಿಂದ ಎಷ್ಟು ದೂರವೋ ಅದನ್ನು ವರ್ಗ ಮಾಡಿ ಕೂಡಿದರೆ 13.62. ಅದನ್ನು ಹತ್ತರಿಂದಲ್ಲ, ಒಂಬತ್ತರಿಂದ ಭಾಗಿಸಬೇಕು. ಒಂದು ಅಳತೆಯಷ್ಟು ಮಾಹಿತಿ ಸರಾಸರಿ ಕಂಡುಹಿಡಿಯುವುದರಲ್ಲೇ ಖರ್ಚಾಗಿದೆ. ವರ್ಗಮೂಲ 1.23, ಇದೇ ಮಾನಕ ವಿಚಲನೆ. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಮಾನಕ ದೋಷ 0.389.

ಈಗ 2.26ರಿಂದ ಗುಣಿಸಿ: 0.88. ಸರಾಸರಿಯ ಎರಡೂ ಬದಿಗೆ ಅಷ್ಟು ಜಾಗ ಬಿಟ್ಟರೆ ಶೇ. 95ರ ವಿಶ್ವಾಸಾಂತರ ಸಿಕ್ಕಿತು, 0.70ರಿಂದ 2.46 ಗಂಟೆ. ಸೊನ್ನೆ ಅದರ ಹೊರಗಿದೆ! 'ಎರಡೂ ಔಷಧಿ ಒಂದೇ' ಎಂಬ ಊಹೆಯ ಪರೀಕ್ಷೆಯೂ ಅಲ್ಲೇ ಮುಗಿಯಿತು. 1.58ನ್ನು 0.389ರಿಂದ ಭಾಗಿಸಿದರೆ t ಬೆಲೆ 4.06, ಗಡಿಯಾದ 2.26ನ್ನು ದಾಟಿಯೇ ಬಿಟ್ಟಿದೆ.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಆ ಒಂಟಿ 4.6. ಎರಡನೇ ಔಷಧಿಯ ಪರವಾಗಿ ಎಲ್ಲಕ್ಕಿಂತ ಜೋರಾಗಿ ಕೂಗುತ್ತಿರುವ ಅಳತೆ ಅದೇ ಅಲ್ಲವೇ? ಅದನ್ನು ಬಿಟ್ಟು ಲೆಕ್ಕ ಹಾಕಿ ನೋಡಿದೆ. ಸರಾಸರಿ 1.24ಕ್ಕೆ ಇಳಿಯಿತು, t ಮಾತ್ರ 5.66ಕ್ಕೆ ಏರಿತು! ಆ ಒಂದು ಸಂಖ್ಯೆ ಸರಾಸರಿಯನ್ನು ಎತ್ತಿದ್ದಕ್ಕಿಂತ ಹೆಚ್ಚಾಗಿ ಚದುರುವಿಕೆಯನ್ನು ಹಿಗ್ಗಿಸಿತ್ತು. ಹಾಗೆಂದು ಅದನ್ನು ಕಿತ್ತೆಸೆಯುವಂತಿಲ್ಲ, ಅದೂ ಒಬ್ಬ ರೋಗಿಯ ನಿದ್ರೆ. ಈ ಲೆಕ್ಕ ನಿಂತಿರುವುದು ಅಳತೆಗಳು ಗಂಟೆಯಾಕಾರದ ವಕ್ರರೇಖೆಯಿಂದ ಬಂದಿವೆ ಎಂಬ ನಂಬಿಕೆಯ ಮೇಲೆ, ಆ ನಂಬಿಕೆ ಎಲ್ಲಿ ಬಿರುಕು ಬಿಟ್ಟಿರಬಹುದೆಂದು 4.6 ತೋರಿಸುತ್ತಿದೆ. ಅದಕ್ಕೇ ಸೂತ್ರಕ್ಕೆ ಕೈಹಾಕುವ ಮೊದಲು ಹತ್ತೂ ಅಳತೆಗಳನ್ನು ಒಂದು ಗೆರೆಯ ಮೇಲೆ ಚುಕ್ಕಿಯಿಟ್ಟು ನೋಡಿ. ಒಂಬತ್ತು ಗುಂಪಾಗಿರುತ್ತವೆ, ಒಂದು ದೂರದಲ್ಲಿ ಒಂಟಿಯಾಗಿ ನಿಂತಿರುತ್ತದೆ.