ಉಳಿಯೇ ಕಥೆ ಹೇಳಲಿ

ಲೇತಿಗೆ ಸಿಕ್ಕಿಸಿದ ಅಂಕುಡೊಂಕಾದ ಮರದ ತುಂಡಿಗೆ ಉಳಿ ತಾಗಿಸಿದ ಕೂಡಲೇ ಬರುವುದು ಗಡಗಡ ಸದ್ದು. ಮರ ಇನ್ನೂ ಗುಂಡಗಾಗಿಲ್ಲ. ಉಬ್ಬು ಎದುರಾದಾಗ ಉಳಿಗೆ ಬಡಿಯುತ್ತದೆ, ತಗ್ಗು ಬಂದಾಗ ತಪ್ಪಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಬಡಿತಗಳ ನಡುವಿನ ಸಂದು ಮುಚ್ಚುತ್ತಾ ಬಂದು, ಕೊನೆಗೆ ಎಲ್ಲೂ ಕಡಿಯದ ‘ಸರ್ರ್’ ಮಾತ್ರ ಉಳಿಯುತ್ತದೆ. ಕಣ್ಣು ಮುಚ್ಚಿ ಕೂತವರಿಗೂ ತುಂಡು ಗುಂಡಗಾಯಿತೆಂದು ಗೊತ್ತಾಗುತ್ತದೆ.

ಮಾತಿಲ್ಲದ ಕರಕುಶಲ ವಿಡಿಯೊಗಳ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಕೆಲಸ ಎಲ್ಲಿಯವರೆಗೆ ಬಂತೆಂದು ಸದ್ದು ತಾನೇ ಹೇಳುತ್ತಿದ್ದರೆ, ‘ಈಗ ಮರವನ್ನು ಗುಂಡಗೆ ಮಾಡುತ್ತಿದ್ದೇವೆ’ ಎಂದು ಒಬ್ಬರು ಹಿನ್ನೆಲೆಯಲ್ಲಿ ಒದರಬೇಕಿಲ್ಲ. ಈ ದಾರಿ ಹಳೆಯದು. ಡಚ್ ನಿರ್ದೇಶಕ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ ‘ಗ್ಲಾಸ್’ ಎಂಬ ಕಿರುಚಿತ್ರದಲ್ಲಿ ವಿವರಣೆ ಕೊಡುವ ದನಿಯಿಲ್ಲ. ಗಾಜು ಊದುವವರ ಕೆನ್ನೆ, ಬೆರಳು, ಜೊತೆಗೆ ಜಾಝ್ ಸಂಗೀತ. ಕತ್ತು ಮುರಿದ ಒಂದು ಬಾಟಲಿ ಯಂತ್ರಕ್ಕೆ ಸಿಕ್ಕಿಕೊಂಡು, ಹಿಂದೆ ಬರುತ್ತಿದ್ದ ಬಾಟಲಿಗಳೆಲ್ಲ ಬಿದ್ದು ಒಡೆಯುವ ಅದರ ಪ್ರಸಂಗವನ್ನು ಯಾವ ಭಾಷೆಯವರೂ ನೋಡಿ ನಗಬಹುದು. ಆ ಚಿತ್ರಕ್ಕೆ ಆಸ್ಕರ್ ಬಂತು. ಯೂಟ್ಯೂಬಿನಲ್ಲಿ 2015ರಿಂದ ‘ಪ್ರಿಮಿಟಿವ್ ಟೆಕ್ನಾಲಜಿ’ ನಡೆಸುತ್ತಿರುವ ಆಸ್ಟ್ರೇಲಿಯಾದ ಜಾನ್ ಪ್ಲಾಂಟ್ ಅವರಂತೂ ಸಂಗೀತವನ್ನೂ ಬಿಟ್ಟರು. ಮಣ್ಣು ಕಲಸುವ, ಬೆಂಕಿ ಊದುವ ಸದ್ದಷ್ಟೇ.

ಅಂಥದ್ದೊಂದು ವಿಡಿಯೊವನ್ನು ಚನ್ನಪಟ್ಟಣದ ಅರಗಿನ ಬುಗುರಿಯ ಮೇಲೆ ಮಾಡುವುದಾದರೆ ಹೇಗೆ ಯೋಜಿಸಬೇಕು? ದಾರ ಸುತ್ತಿ ಎಸೆಯುವ ಮೊಳೆ ಬುಗುರಿಯಲ್ಲ, ಹೆಬ್ಬೆರಳು ತೋರುಬೆರಳಲ್ಲಿ ತಿರುವಿ ಬಿಡುವ ಕೈಬುಗುರಿ. ನಾಲ್ಕು ನಿಮಿಷದ ವಿಡಿಯೊಗೆ ಇದು ಹೇಳಿ ಮಾಡಿಸಿದ ವಸ್ತು. ಡಬ್ಬಿಯೋ ಬಳೆಯೋ ಆದರೆ ಬಣ್ಣ ಹಚ್ಚಿದ ಮೇಲೆ ಕಥೆ ಮುಗಿಯಿತು. ಬುಗುರಿ ಹಾಗಲ್ಲ, ತಿರುಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಕೊನೆಯವರೆಗೂ ಬಾಕಿ ಇರುತ್ತದೆ.

ಆ ಪ್ರಶ್ನೆಯನ್ನು ವಿಡಿಯೊದ ಮೊದಲ ಹತ್ತು ಸೆಕೆಂಡಿನಲ್ಲೇ ಎತ್ತಬೇಕು. ಒಂದು ಪಕ್ಕ ಭಾರವಾದ, ಕಡ್ಡಿ ಉದ್ದವಾದ ಬುಗುರಿಯೊಂದನ್ನು ಗಟ್ಟಿ ನೆಲದ ಮೇಲೆ ತಿರುವಿ ಬಿಡಿ. ಅದು ಓಲಾಡಿ, ಅಂಚು ನೆಲಕ್ಕೆ ತಾಗಿ, ಟಕಟಕನೆ ಉರುಳುತ್ತದೆ. ಒಂದು ಕೈ ಬಂದು ಎತ್ತಿಕೊಳ್ಳುತ್ತದೆ. ಮುಂದಿನ ದೃಶ್ಯದಲ್ಲಿ ಹೊಸ ಮರದ ತುಂಡು. ಶೀರ್ಷಿಕೆ, ನಮಸ್ಕಾರ, ‘ಇವತ್ತು ನಾವು ನೋಡೋಣ’ ಯಾವುದೂ ಬೇಡ.

ಸಾಮಾನ್ಯವಾಗಿ ವಿಡಿಯೊ ಯೋಜನೆ ಬರೆಯುವಾಗ ಕಾಗದವನ್ನು ಎರಡು ಭಾಗ ಮಾಡಿ, ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ ಎಂದು ಬರೆಯುತ್ತಾರೆ. ಚಿತ್ರವೆಲ್ಲ ಬರೆದಾದ ಮೇಲೆ ಬಲಗಡೆ ‘ಸಂಗೀತ’ ಎಂದು ಗೀಚಿ ಮುಗಿಸುತ್ತಾರೆ. ಇಲ್ಲಿ ಬಲಗಡೆಯನ್ನೇ ಮೊದಲು ತುಂಬಬೇಕು. ಅದಕ್ಕೆ ಕ್ಯಾಮೆರಾ ಇಲ್ಲದೆ ಹೋಗಿ ಒಂದು ಬುಗುರಿ ಮುಗಿಯುವ ತನಕ ಕೂತು ಕೇಳಬೇಕು, ಎಲ್ಲೆಲ್ಲಿ ಸದ್ದು ಬದಲಾಯಿತೆಂದು ಗುರುತು ಹಾಕಿಕೊಳ್ಳಬೇಕು. ಸದ್ದು ಬದಲಾದಲ್ಲಿ ಕಥೆ ಮುಂದಕ್ಕೆ ಹೋಗಿದೆ. ಒಂದೇ ಸದ್ದು ಹಾಗೇ ನಡೆಯುತ್ತಿದ್ದರೆ ಕತ್ತರಿ ಹಾಕುವ ಜಾಗ ಅದೇ.

ಬುಗುರಿಯಲ್ಲಿ ಅಂಥ ತಿರುವುಗಳು ಬೇಕಾದಷ್ಟಿವೆ. ಲೇತಿನ ಹಿಡಿಯೊಳಗೆ ತುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸುವಾಗ ಮೊದಲೆರಡು ಪೆಟ್ಟು ಸಡಿಲವಾಗಿ ಕೇಳುತ್ತವೆ. ತುಂಡು ಬಿಗಿಯಾದಾಗ ಪೆಟ್ಟಿನ ಸದ್ದು ಗಟ್ಟಿಯಾಗುತ್ತದೆ. ಆ ಗಟ್ಟಿ ಪೆಟ್ಟಿನ ಮೇಲೆ ಸ್ವಿಚ್ಚಿನ ‘ಟಕ್’. ಆಮೇಲೆ ಗಡಗಡದಿಂದ ಸರ್ರ್‌ಗೆ. ಇದಕ್ಕೆ ಮೂವತ್ತು ಸೆಕೆಂಡು ಧಾರಾಳವಾಗಿ ಕೊಡಿ, ನಡುವೆ ಕತ್ತರಿಸಬೇಡಿ. ಗಡಗಡವನ್ನು ತೋರಿಸಿ, ಕತ್ತರಿಸಿ, ನೇರವಾಗಿ ನುಣುಪಾದ ಮರ ತೋರಿಸಿದರೆ ನೋಡುಗರಿಗೆ ಸಿಗಬೇಕಾದ ಸುಖವೇ ತಪ್ಪಿತು.

ಈ ವಿಡಿಯೊದ ಎದೆ ಇರುವುದು ಅರಗಿನಲ್ಲಿ. ಚನ್ನಪಟ್ಟಣದಲ್ಲಿ ಹಾಲೆ ಮರಕ್ಕೆ ಕುಂಚದಿಂದ ಬಣ್ಣ ಬಳಿಯುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಅರಗು ಕೀಟದಿಂದ ಬರುವ ರಾಳ, ಕಾದರೆ ಮೆತ್ತಗಾಗುತ್ತದೆ. ಉಜ್ಜಾಟದ ಬಿಸಿಯೇ ಅದಕ್ಕೆ ಒಲೆ. ಮೊದಲು ಗಟ್ಟಿ ಕಡ್ಡಿ ಮರಕ್ಕೆ ಉಜ್ಜುವ ಒಣ ಕೀರಲು ಸದ್ದು ಬರುತ್ತದೆ. ಬಿಸಿಯೇರಿ ಅರಗು ಮೆತ್ತಗಾದಂತೆ ಆ ಕೀರಲು ಇಳಿಯುತ್ತಾ ಬರುತ್ತದೆ, ಬಿಳಿ ಮರದ ಮೇಲೆ ಕೆಂಪು ಉಂಗುರ ಹರಡುತ್ತದೆ. ಬಣ್ಣ ಮೂಡುವುದು, ಸದ್ದು ಅಡಗುವುದು ಎರಡೂ ಒಟ್ಟಿಗೆ. ನಂತರ ತಾಳೆಗರಿಯ ತುಂಡನ್ನು ಒತ್ತಿ ಅರಗನ್ನು ಸಮನಾಗಿ ಹರಡಿ ಹೊಳಪು ತರುತ್ತಾರೆ. ಅದರದು ಮೆಲುವಾದ ಸರಬರ. ಕಡ್ಡಿಯನ್ನು ಸಾಲದಷ್ಟು ಒತ್ತಿದರೆ ಅರಗು ಮೆತ್ತಗಾಗದೆ ಪುಡಿ ಉದುರುತ್ತದೆ, ಕೀರಲು ನಿಲ್ಲುವುದೇ ಇಲ್ಲ. ಮರದ ತೇವ ಆರಿರದಿದ್ದರೆ ಅರಗು ಸರಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಚಿತ್ರೀಕರಣಕ್ಕೆಂದು ಹಸಿ ಮರ ತರಿಸಬೇಡಿ, ಕಾರ್ಖಾನೆಯವರು ಒಣಗಿಸಿಟ್ಟಿದ್ದನ್ನೇ ಕೇಳಿ.

ಇಷ್ಟೆಲ್ಲ ಸದ್ದು ಇರುವುದೇನೋ ನಿಜ, ಆದರೆ ರೆಕಾರ್ಡ್ ಮಾಡಿ ಕೇಳಿದರೆ ಮೋಟಾರಿನ ‘ಗುಂಯ್’ ಬಿಟ್ಟು ಬೇರೇನೂ ಕೇಳಿಸದಿರಬಹುದು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಮೋಟಾರು ಅದರದೇ ಶ್ರುತಿಯಲ್ಲಿ, ಅದರ ದುಪ್ಪಟ್ಟಿನಲ್ಲಿ ಗುಂಯ್‌ಗುಡುತ್ತದೆ. ಮೈಕನ್ನು ಉಳಿಯ ತುದಿಯಿಂದ ಒಂದು ಗೇಣು ದೂರಕ್ಕೆ ತಂದರೆ ಅರ್ಧ ತೊಂದರೆ ಹೋಯಿತು. ಉಳಿದ ಗುಂಯ್‌ ಅನ್ನು ಸಂಕಲನದಲ್ಲಿ 100 ಹರ್ಟ್ಸ್‌ನ ಕೆಳಗಿನದನ್ನು ಸೋಸಿ ತಗ್ಗಿಸಬಹುದು, ಪೂರ್ತಿ ತೆಗೆಯಲಾಗದು. ತೆಗೆಯಲೂ ಬಾರದು ಎನ್ನುವುದು ನನ್ನ ಅಭಿಪ್ರಾಯ. ಕೊನೆಯಲ್ಲಿ ಲೇತು ಆಫ್ ಮಾಡಿದಾಗ ಸಿಗುವ ನಿರಾಳಕ್ಕೆ ಅದೇ ಬಂಡವಾಳ. ಪಕ್ಕದ ಲೇತುಗಳು ಮಾತ್ರ ನಿಂತಿರಬೇಕು. ಅದಕ್ಕೆ ಊಟದ ಹೊತ್ತೇ ಗತಿ.

ಮೊಬೈಲಿನಲ್ಲಿ ಹಿಡಿಯುವವರಿಗೆ ಇನ್ನೊಂದು ಕಾಟವಿದೆ. ಬಹಳಷ್ಟು ಫೋನುಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ಗದ್ದಲವೆಂದು ಅಳಿಸಲು ನೋಡುತ್ತವೆ. ಉಳಿಯ ಸರ್ರ್ ಅವುಗಳ ಲೆಕ್ಕದಲ್ಲಿ ಗದ್ದಲವೇ. ಇದಲ್ಲದೆ ಸದ್ದು ಕಡಿಮೆಯಾದ ಕೂಡಲೇ ಫೋನು ತಾನಾಗಿ ದನಿ ಏರಿಸುತ್ತದೆ. ಅರಗಿನ ಕೀರಲು ಇಳಿದ ಆ ಹೊತ್ತಿಗೇ ಮೋಟಾರು ಉಬ್ಬಿ ಬರುತ್ತದೆ. ದನಿಯ ಮಟ್ಟವನ್ನು ಕೈಯಿಂದ ನಿಗದಿ ಮಾಡಲು ಬಿಡುವ ಆ್ಯಪ್ ಅಥವಾ ಬೇರೆ ರೆಕಾರ್ಡರ್ ಇಲ್ಲದೆ ಈ ಕೆಲಸಕ್ಕೆ ಇಳಿಯದಿರುವುದು ಮೇಲು. ಸುತ್ತಿಗೆಯ ಅತಿ ಜೋರು ಪೆಟ್ಟು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಂಡರೆ ಸದ್ದು ಒಡೆಯುವುದಿಲ್ಲ.

ಚಿತ್ರ ಹಿಡಿಯುವಾಗ ಸಿಗದ ಸದ್ದನ್ನು ಆಮೇಲೆ ಬೇರೆಯಾಗಿ ಹಿಡಿದು ಸೇರಿಸಬಹುದೇ? ಸೇರಿಸಬಹುದು, ಸಿನಿಮಾದವರು ಮಾಡುವುದೂ ಅದನ್ನೇ. ಅದೇ ಕೈ, ಅದೇ ಉಳಿ, ಅದೇ ಮರವಾಗಿದ್ದರೆ ನನ್ನ ತಕರಾರಿಲ್ಲ. ಗರಿಯ ಸದ್ದು ಸಪ್ಪೆಯಾಯಿತೆಂದು ಸೆಲ್ಲೋಫೇನ್ ಕಾಗದ ಪರಪರಿಸಿ ಸೇರಿಸುವುದು, ಮೋಟಾರು ಲೇತಿನ ಕಾರ್ಖಾನೆಯಲ್ಲಿ ಚೆಂದ ಕಾಣಲೆಂದು ಮೂಲೆಯಲ್ಲಿದ್ದ ಕೈಲೇತನ್ನು ಈಚೆ ಎಳೆದು ಕೂರಿಸುವುದು ಮೋಸ. ಇಂಥ ಸದ್ದು ಕೇಳಿದರೆ ಕೆಲವರಿಗೆ ನೆತ್ತಿಯಿಂದ ಬೆನ್ನಿನವರೆಗೆ ಜುಮ್ಮೆನ್ನುತ್ತದೆ. ಅದಕ್ಕೆ 2010ರಲ್ಲಿ ಎಎಸ್‌ಎಂಆರ್ ಎಂಬ ಹೆಸರೂ ಬಂತು. ಆದರೆ ಎಲ್ಲರಿಗೂ ಆಗುವುದಿಲ್ಲ, ಅದನ್ನೇ ನಂಬಿ ಸದ್ದಿಗೆ ಒಗ್ಗರಣೆ ಹಾಕುತ್ತಾ ಹೋದರೆ ಬುಗುರಿ ಮರೆತೇಹೋಗುತ್ತದೆ.

ಇನ್ನು ಕೈ. ಕ್ಯಾಮೆರಾವನ್ನು ಕಸುಬುದಾರರ ಎದುರಿಗಿಡುವ ಬದಲು ಹೆಗಲ ಹಿಂದಿನಿಂದ ಇಟ್ಟರೆ, ನೋಡುಗರಿಗೆ ಆ ಕೈ ತಮ್ಮದೇ ಕೈಯ ದಿಕ್ಕಿನಲ್ಲಿ ಕಾಣುತ್ತದೆ. ಉಳಿಯನ್ನು ಆಸರೆಗೆ ಒತ್ತಿ ಹಿಡಿದ ಎಡ ಹೆಬ್ಬೆರಳು, ಹಿಡಿಯನ್ನು ಕೊಂಚ ಕೊಂಚವೇ ಹೊರಳಿಸುವ ಬಲ ಮುಂಗೈ, ಎರಡೂ ಒಂದೇ ಚೌಕಟ್ಟಿನಲ್ಲಿರಲಿ. ಮುಖ ಬೇಕಾದರೆ ಒಂದೇ ಸಲ, ಹೊಳಪನ್ನು ಕಣ್ಣಿನ ಹತ್ತಿರ ತಂದು ನೋಡುವಾಗ. ತಿರುಗುವ ವಸ್ತುವಿನದು ಒಂದು ಚೇಷ್ಟೆ ಉಂಟು. ಲೇತು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 25. ಕ್ಯಾಮೆರಾವೂ ಸೆಕೆಂಡಿಗೆ 25 ಚಿತ್ರ ತೆಗೆಯುತ್ತಿದ್ದರೆ ಉಬ್ಬುತಗ್ಗಿನ ತುಂಡು ನಿಂತಲ್ಲೇ ನಿಂತಂತೆ, ಇಲ್ಲವೇ ಹಿಂದಕ್ಕೆ ತಿರುಗಿದಂತೆ ಕಾಣಬಹುದು. ಗಡಗಡ ಸದ್ದಿಗೂ ನಿಂತ ಮರಕ್ಕೂ ತಾಳೆಯಾಗುವುದಿಲ್ಲ. ಷಟರನ್ನು 1/50 ಸೆಕೆಂಡಿಗೆ ಇಟ್ಟರೆ ಅಂಚು ಸ್ವಲ್ಪ ಮಸುಕಾಗಿ ತಿರುಗುವುದು ತಿಳಿಯುತ್ತದೆ, ಟ್ಯೂಬ್‌ಲೈಟಿನ ಮಿಣುಕೂ ಕಾಡುವುದಿಲ್ಲ. ಮೈಕಿನ ವೈರು, ಹೆಗಲ ಶಾಲು ಲೇತಿನ ಹತ್ತಿರ ಸುಳಿಯಬಾರದು. ತುಂಡು ಸಿಡಿದರೆ ಹಾರುವ ನೇರಕ್ಕೆ ಯಾರೂ ನಿಲ್ಲಬಾರದು.

ಕೊನೆಗೆ ಕಡ್ಡಿಯ ಬುಡದಲ್ಲಿ ಉಳಿ ಇಳಿಯುತ್ತದೆ, ಕತ್ತು ಸಣ್ಣಗಾಗುತ್ತದೆ, ಬುಗುರಿ ಕಳಚಿ ಎಡಗೈಗೆ ಬರುತ್ತದೆ. ಲೇತು ಆಫ್. ಮೋಟಾರಿನ ದನಿ ಇಳಿದು ನಿಲ್ಲುವವರೆಗೂ ಅದನ್ನು ಕತ್ತರಿಸದೆ ಬಿಡಿ. ಆಮೇಲೆ ಮೊದಲು ತೋರಿಸಿದ ಅದೇ ನೆಲದ ಮೇಲೆ ಹೊಸ ಬುಗುರಿ ತಿರುಗಲಿ. ಸರಿಯಾಗಿ ತೂಗಿದ ಬುಗುರಿ ಸದ್ದೇ ಮಾಡುವುದಿಲ್ಲ, ವಿಡಿಯೊದ ಉತ್ತರ ಅದು. ಓಲಾಡಿದರೆ ನೇರವಾಗಿ ಇನ್ನೊಂದು ಬುಗುರಿ ಮಾಡಿಸಬೇಕು, ಸಂಕಲನದಲ್ಲಿ ಮುಚ್ಚಿಡಲಾಗದು.

ಸಂಕಲನ ಮುಗಿದ ಮೇಲೆ ಒಮ್ಮೆ ಚಿತ್ರ ಆಫ್ ಮಾಡಿ ಕೇಳಿ, ಒಮ್ಮೆ ಸದ್ದು ಆಫ್ ಮಾಡಿ ನೋಡಿ, ಕೊನೆಗೆ ಹೆಡ್‌ಫೋನ್ ಬಿಟ್ಟು ಫೋನಿನ ಸ್ಪೀಕರಿನಲ್ಲೇ ಕೇಳಿ. ಆ ಪುಟ್ಟ ಸ್ಪೀಕರು ಸುತ್ತಿಗೆಯ ‘ಧಪ್’ ಅನ್ನು ನುಂಗಿ ಬರೀ ‘ಟಪ್’ ಉಳಿಸುತ್ತದೆ; ಬಹುಪಾಲು ಜನ ಕೇಳುವುದು ಅದನ್ನೇ.

ಮರದ ಹೆಸರು, ಅರಗು ಎಂಬ ವಸ್ತು, ಮಾಡಿದವರ ಹೆಸರು ಇವನ್ನು ಸದ್ದು ಹೇಳಲಾರದು. ಪ್ಲಾಂಟ್ ತಮ್ಮ ವಿವರಣೆಯನ್ನು ಅಡಿಬರಹದಲ್ಲಿ ಇಡುತ್ತಾರೆ; ಬೇಕಾದವರು ಆನ್ ಮಾಡಿಕೊಂಡು ಓದುತ್ತಾರೆ. ಇಲ್ಲಿಯೂ ಹಾಗೇ ಮಾಡಿ, ಕಿವಿ ಕೇಳದವರಿಗಾಗಿ ‘ಗಡಗಡ ನಿಂತು ಸರ್ರ್ ಶುರು’ ಎಂಬಂಥ ಸಾಲುಗಳನ್ನೂ ಅಲ್ಲೇ ಸೇರಿಸಬಹುದು. ಕೋನ ಬದಲಿಸಿ, ಮೈಕು ಬದಲಿಸಿ, ಮತ್ತೆ ಮತ್ತೆ ಮಾಡಿಸುವುದರಲ್ಲಿ ಒಂದು ಬುಗುರಿಯ ವಿಡಿಯೊಗೆ ಮೂರು ನಾಲ್ಕು ಬುಗುರಿ ಆಗುತ್ತವೆ, ಅವರ ಅರ್ಧ ದಿನದ ಕೆಲಸ ಕೆಡುತ್ತದೆ. ಅದರ ಕೂಲಿಯನ್ನು ಕ್ಯಾಮೆರಾ ತೆಗೆಯುವ ಮೊದಲೇ ಮಾತಾಡಿಕೊಂಡಿರಬೇಕು.