ಮೂರು ಪ್ರಾಜೆಕ್ಟ್, ಹದಿನೆಂಟು ಸ್ಲೈಡ್

ಡಿಸೈನ್ ಓದಿ ಹೊರಬಂದವರು ಕೆಲಸಕ್ಕೆ ಅರ್ಜಿ ಹಾಕಿದರೆ ಕಂಪನಿಯವರು ಮೊದಲು ಕೇಳುವುದು ಅಂಕಪಟ್ಟಿಯನ್ನಲ್ಲ, ಪೋರ್ಟ್‌ಫೋಲಿಯೊವನ್ನು. ಹಿಂದೆ ಅದು ದೊಡ್ಡ ಕಪ್ಪು ಫೈಲು. ಚಿತ್ರಕಲಾ ಶಾಲೆಯ ಹುಡುಗರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಜಾಹೀರಾತು ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದರು. ಈಗ ಅದು ಮೇಲ್‌ನಲ್ಲಿ ಹೋಗುವ ಪಿಡಿಎಫ್. ಸ್ಲೈಡುಗಳ ಈ ಕಟ್ಟಿಗೆ ಡೆಕ್ ಎನ್ನುತ್ತಾರೆ. ಹೊಸಬರಿಂದ ಸಾಮಾನ್ಯವಾಗಿ ನಿರೀಕ್ಷಿಸುವುದು ಮೂರು ಪ್ರಾಜೆಕ್ಟ್. ಕಾಲೇಜಿನಲ್ಲಿ ಮಾಡಿದ್ದು ಹನ್ನೆರಡಿರಬಹುದು, ಅಷ್ಟನ್ನೂ ತುರುಕಿದರೆ ನೋಡುವವರ ಕಣ್ಣು ಅವುಗಳಲ್ಲಿ ಅತಿ ಸಾಧಾರಣವಾದದ್ದರ ಮೇಲೇ ನಿಲ್ಲುತ್ತದೆ.

ಡೆಕ್ ತೆರೆದವರು ಹುಡುಕುವುದು ಚೆಂದದ ಚಿತ್ರಗಳನ್ನು ಮಾತ್ರ ಅಲ್ಲ. ಹಾಗಿದ್ದಿದ್ದರೆ ಕೊನೆಯ ಪುಟವೊಂದೇ ಸಾಕಿತ್ತು. ಈ ವ್ಯಕ್ತಿ ಯಾವ ಹಂತದಲ್ಲಿ ಏನನ್ನು ಬಿಟ್ಟು ಏನನ್ನು ಹಿಡಿದ, ಏಕೆ ಹಿಡಿದ ಎಂಬುದು ಅವರಿಗೆ ಬೇಕು. ಹೊಸಬರ ಡೆಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದೂ ಅದೇ. ಅದರ ಜಾಗದಲ್ಲಿ ಎರಡು ವಜ್ರಾಕೃತಿಗಳು ಅಕ್ಕಪಕ್ಕ ನಿಂತ ಒಂದು ಚಿತ್ರವಿರುತ್ತದೆ. ‘ಡಬಲ್ ಡೈಮಂಡ್’ ಎಂಬ ಈ ನಕ್ಷೆಯನ್ನು ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2000ರ ದಶಕದಲ್ಲಿ ಜನಪ್ರಿಯಗೊಳಿಸಿತು. ಮೊದಲು ಹರಡಿಕೊಂಡು ಯೋಚಿಸು, ಆಮೇಲೆ ಆಯ್ದುಕೋ ಎನ್ನುವ ಆ ಪಾಠದಲ್ಲಿ ತಪ್ಪೇನಿಲ್ಲ. ಆದರೆ ನೋಡುವವರಿಗೆ ಅದು ಮೊದಲೇ ಗೊತ್ತು. ಆ ಸ್ಲೈಡ್ ಅಭ್ಯರ್ಥಿಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ಒಂದು ಮಾದರಿ ಡೆಕ್ ಕಟ್ಟಿ ನೋಡೋಣ. ಬೆಂಗಳೂರಿನ ಒಂದು ಸಂಸ್ಥೆಗೆ ಅರ್ಜಿ ಹಾಕುತ್ತಿರುವ ಸಾಗರದ ಹುಡುಗಿ ಎಂದಿಟ್ಟುಕೊಳ್ಳಿ. ಅವಳ ಕೈಯಲ್ಲಿರುವ ಮೂರು ಕೆಲಸಗಳು ಇವು: ಊರಿನ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಫಲಕ, ಇಂಟರ್ನ್‌ಶಿಪ್‌ನಲ್ಲಿ ತಂಡದೊಂದಿಗೆ ಮಾಡಿದ ಹಾಲಿನ ಲೆಕ್ಕದ ಆ್ಯಪ್, ಚಟ್ನಿಪುಡಿ ಪ್ಯಾಕೆಟ್ಟಿನ ಲೇಬಲ್. ಮುಖಪುಟ ಒಂದು, ಪರಿಚಯಕ್ಕೂ ಮೂರು ಪ್ರಾಜೆಕ್ಟುಗಳ ಸೂಚಿಗೂ ಸೇರಿ ಒಂದು, ಫಲಕಕ್ಕೆ ಏಳು, ಆ್ಯಪ್‌ಗೆ ಐದು, ಲೇಬಲ್‌ಗೆ ಮೂರು, ಕೊನೆಯಲ್ಲಿ ಫೋನು, ಮೇಲ್ ಇರುವ ಒಂದು. ಒಟ್ಟು ಹದಿನೆಂಟು. ಮೂರಕ್ಕೂ ಸಮನಾಗಿ ಹಂಚಬೇಕೆಂಬ ನಿಯಮವಿಲ್ಲ, ಹಂಚಲೂಬಾರದು. ಸಂದರ್ಶನದಲ್ಲಿ ಸಮಯವೆಲ್ಲ ಮೊದಲ ಪ್ರಾಜೆಕ್ಟಿನಲ್ಲೇ ಕಳೆದುಹೋಗುವುದು ಮಾಮೂಲು. ಹಾಗಾಗಿ ತಾನು ಗಂಟೆಗಟ್ಟಲೆ ಮಾತಾಡಬಲ್ಲ ಕೆಲಸವನ್ನೇ ಅವಳು ಮುಂದಿಡಬೇಕು.

ಫಲಕದ ಮೊದಲ ಸ್ಲೈಡಿನಲ್ಲಿ ಒಂದೇ ವಾಕ್ಯ ಸಾಕು: ‘ತಾಳಗುಪ್ಪಕ್ಕೆ ಹೋಗುವವರು ಫಲಕ ಓದದೆ ವಿಚಾರಣಾ ಕಿಟಕಿಗೆ ಬರುತ್ತಾರೆ, ಅದೇಕೆಂದು ನೋಡಿ ಫಲಕವನ್ನು ಮತ್ತೆ ಬರೆದೆ.’ ಕೆಳಗೆ ಸಣ್ಣದಾಗಿ, ಒಬ್ಬಳೇ ಮಾಡಿದ್ದು, ಆರು ವಾರ, ಕಾಲೇಜಿನ ಕೊನೆಯ ವರ್ಷ. ‘ಗ್ರಾಮೀಣ ಸಾರಿಗೆಯ ಅನುಭವವನ್ನು ಮರುಕಲ್ಪಿಸುವುದು’ ಎಂಬ ಧಾಟಿಯ ಶೀರ್ಷಿಕೆಗಿಂತ ಇದು ಎಷ್ಟೋ ಮೇಲು. ಓದಿದ ಕೂಡಲೇ ಸಮಸ್ಯೆ ಕಣ್ಣಿಗೆ ಬರುತ್ತದೆ.

ಎರಡನೆಯದರಲ್ಲಿ ಅವಳು ಕಂಡದ್ದು ಇರಬೇಕು. ಅನೇಕರು ಇಲ್ಲಿ ‘ಪರ್ಸೋನಾ’ ಹಾಕುತ್ತಾರೆ. ಇಂಟರ್ನೆಟ್ಟಿನಿಂದ ತೆಗೆದ ನಗುಮುಖದ ಫೋಟೊ, ಪಕ್ಕದಲ್ಲಿ ‘ರಮೇಶ್, 34, ಪ್ರಯಾಣ ಇಷ್ಟ’. ಬಳಕೆದಾರನನ್ನು ಹೀಗೆ ಒಬ್ಬ ವ್ಯಕ್ತಿಯಾಗಿ ಚಿತ್ರಿಸಿಕೊಳ್ಳುವ ಕ್ರಮವನ್ನು ಬಳಕೆಗೆ ತಂದವನು ಅಲನ್ ಕೂಪರ್, 1999ರ ತನ್ನ ಪುಸ್ತಕದಲ್ಲಿ. ನಿಜವಾದ ಜನರನ್ನು ಕಂಡು ಮಾತಾಡಿದ ಮೇಲೆ ಹುಟ್ಟಬೇಕಾದ ಚಿತ್ರ ಅದು. ಕುಳಿತಲ್ಲೇ ಹುಟ್ಟಿಸಿದ ರಮೇಶನಿಗಿಂತ ವಿಚಾರಣಾ ಕಿಟಕಿಯ ಪಕ್ಕ ಒಂದು ಬೆಳಗ್ಗೆ ನಿಂತು ಬರೆದುಕೊಂಡ ಪ್ರಶ್ನೆಗಳ ಪುಟದ ಫೋಟೊ ಹೆಚ್ಚು ಹೇಳುತ್ತದೆ. ‘ಹೋಯ್ತಾ?’, ‘ಎಲ್ಲಿ ನಿಲ್ಲುತ್ತೆ?’, ‘ತಾಳಗುಪ್ಪದ ಮೇಲೆ ಹೋಗುತ್ತಾ?’ ಒಂದೊಂದರ ಮುಂದೂ ಗೀಟುಗಳು.

ಮೂರನೆಯ ಪ್ರಶ್ನೆಯೇ ಇಡೀ ಪ್ರಾಜೆಕ್ಟಿನ ಬೇರು. ಸಾಗರದಿಂದ ಜೋಗಕ್ಕೆ ಹೋಗುವ ಬಸ್ಸೂ ಸಿದ್ದಾಪುರ, ಸಿರ್ಸಿ ಕಡೆಯ ಬಸ್ಸೂ ತಾಳಗುಪ್ಪದ ತನಕ ಒಂದೇ ದಾರಿ. ಫಲಕ ವೇಳೆಯ ಕ್ರಮದಲ್ಲಿದ್ದರೆ ತಾಳಗುಪ್ಪಕ್ಕೆ ಹೋಗುವವರು ಮೇಲಿಂದ ಕೆಳಗೆ ಪ್ರತಿ ಸಾಲಿನ ‘ಮಾರ್ಗ’ದ ಕಾಲಮನ್ನೂ ಓದಬೇಕು. ಅದಕ್ಕಿಂತ ಕಿಟಕಿಯಲ್ಲಿ ಕೇಳುವುದೇ ಸಲೀಸು.

ಮೂರನೆಯ ಮತ್ತು ನಾಲ್ಕನೆಯ ಸ್ಲೈಡುಗಳು ಬಿಟ್ಟುಕೊಟ್ಟ ಪ್ರಯತ್ನಗಳಿಗೆ. ಅವಳು ಮೊದಲು ಊರುಗಳನ್ನು ಅಕಾರಾದಿಯಾಗಿ ಜೋಡಿಸಿದಳು. ನೋಡಲು ಅಚ್ಚುಕಟ್ಟಾಗಿತ್ತು, ಆದರೆ ತಾಳಗುಪ್ಪದ ಸಾಲಿನಲ್ಲಿ ಜೋಗ, ಸಿರ್ಸಿಗಳ ಸಮಯವನ್ನೆಲ್ಲ ಮತ್ತೆ ಬರೆಯಬೇಕಾಯಿತು. ಪರೀಕ್ಷೆಗೆ ಕರೆದ ಪ್ರಯಾಣಿಕರಿಗೆ ವರ್ಣಮಾಲೆಯ ಕ್ರಮದಲ್ಲಿ ಹುಡುಕುವ ರೂಢಿಯೂ ಇರಲಿಲ್ಲ, ಅವರು ಫಲಕವಿಡೀ ಕಣ್ಣಾಡಿಸುತ್ತಿದ್ದರು. ಆಮೇಲೆ ದಿಕ್ಕಿನ ಪ್ರಕಾರ ಗುಂಪು ಮಾಡಿದಳು: ಶಿವಮೊಗ್ಗ ಕಡೆ, ಸೊರಬ ಕಡೆ, ತಾಳಗುಪ್ಪ ಕಡೆ, ಹೊಸನಗರ ಕಡೆ. ಊರಿನವರು ಮಾತಾಡುವುದೂ ಹೀಗೆಯೇ. ಸೋತ ಅಕಾರಾದಿ ಫಲಕವನ್ನು ಡೆಕ್ಕಿನಲ್ಲಿ ತೋರಿಸಲು ಹೊಸಬರು ಹಿಂಜರಿಯುತ್ತಾರೆ. ನೋಡುವವರು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ, ಏಕೆಂದರೆ ‘ಇದನ್ನೇ ಏಕೆ?’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ಐದನೆಯ ಸ್ಲೈಡಿನಲ್ಲಿ ಲೆಕ್ಕ. ಫಲಕದ ಅಗಲ 2400 ಮಿಲಿಮೀಟರ್, ಎತ್ತರ 1200. ದೂರದಿಂದ ಓದಲು ಅಕ್ಷರ 40 ಮಿಲಿಮೀಟರ್ ಎತ್ತರ ಬೇಕೆಂದು ಅವಳು ಕಾಗದದ ಮೇಲೆ ನಿಜ ಅಳತೆಯಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ, ಹಿಂದಕ್ಕೆ ನಡೆದು ಕಂಡುಕೊಂಡಿದ್ದಾಳೆ. ಸಾಲಿನಿಂದ ಸಾಲಿಗೆ 70. ಅರವತ್ತು ಬಸ್ಸುಗಳನ್ನು ಒಂದರ ಕೆಳಗೊಂದು ಬರೆದರೆ 4200 ಬೇಕು, ಫಲಕ ಮೂರೂವರೆ ಪಟ್ಟು ದೊಡ್ಡದಾಗಬೇಕು. ಅದೇ ಒಂದು ಊರಿಗೆ ಒಂದು ಸಾಲು ಕೊಟ್ಟು ಸಮಯಗಳನ್ನು ಅಡ್ಡಕ್ಕೆ ಬರೆದರೆ ಹನ್ನೆರಡು ಊರಿಗೆ 840. ದಿಕ್ಕಿನ ತಲೆಬರಹಗಳಿಗೆ 360 ಉಳಿಯುತ್ತದೆ.

ಸಾಲಿಗೆ 70 ಏಕೆ, 55 ಸಾಲದೇ ಎಂದು ಕೇಳಬಹುದು. ಇಂಗ್ಲಿಷಿಗಾದರೆ ಸಾಕಾಗಬಹುದಿತ್ತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಸಿದ್ದಾಪುರ’ದ ಕೆಳಗೆ ‘ಸಿರ್ಸಿ’ ಬಂದರೆ ಮೇಲಿನ ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅವೆರಡೂ ತಾಗಿದ ಜಾಗವನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಸರಿಪಡಿಸಿದ್ದನ್ನು ಇಟ್ಟರೆ ಸಾಕು, ವಿವರಣೆ ಬೇಕಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ತಲೆನೋವು. ಬಹಳ ಮಂದಿ ಡಿಸೈನರುಗಳಿಗೆ ಇದು ಗೊತ್ತಾಗುವುದೇ ಆ್ಯಪ್‌ನ ಇಂಗ್ಲಿಷ್ ಬಟನ್ನಿಗೆ ಕನ್ನಡ ಹಾಕಿ ಒತ್ತುಗಳು ಕತ್ತರಿಸಿಹೋದಾಗ.

ಆರನೆಯದು ಮುಗಿದ ಫಲಕ, ಇಡೀ ಸ್ಲೈಡ್ ತುಂಬುವಂತೆ, ಬಸ್‌ಸ್ಟ್ಯಾಂಡಿನ ಗೋಡೆಯ ಫೋಟೊದ ಮೇಲೆ ಕೂರಿಸಿ. ಏಳನೆಯದರಲ್ಲಿ ಅದರ ಮಿತಿ. ಬಣ್ಣದಲ್ಲಿ ಬರೆದ ಫಲಕದಲ್ಲಿ ವೇಳೆ ಬದಲಾದರೆ ಏನು ಮಾಡುವುದು? ಅವಳ ಸಲಹೆ, ಸಮಯಗಳಿಗೆ ಮಾತ್ರ ಕಳಚಿ ಹಾಕಬಹುದಾದ ಪಟ್ಟಿಗಳು. ‘ಹೋಯ್ತಾ?’ ಎಂಬ ಪ್ರಶ್ನೆಗೆ ಯಾವ ಫಲಕವೂ ಉತ್ತರ ಕೊಡಲಾರದು, ಕಿಟಕಿಯಲ್ಲಿ ಒಬ್ಬರು ಇರಲೇಬೇಕು. ಇದನ್ನು ತಾನೇ ಬರೆದಿಟ್ಟರೆ ಸಂದರ್ಶನದಲ್ಲಿ ಬೇರೆಯವರು ಎತ್ತಿ ತೋರಿಸುವ ಪ್ರಮೇಯ ಬರುವುದಿಲ್ಲ.

ಎರಡನೆಯ ಪ್ರಾಜೆಕ್ಟಿನ ಕಷ್ಟ ಬೇರೆ ತರಹದ್ದು. ಆ್ಯಪ್ ಐದು ಜನರ ತಂಡದ ಕೆಲಸ. ಹೈನುಗಾರರಿಗೆ ಹಾಕಿದ ಹಾಲು ಎಷ್ಟು ಲೀಟರು, ಫ್ಯಾಟ್ ಎಷ್ಟು, ಹಣ ಎಷ್ಟು ಎಂದು ತೋರಿಸುವುದು ಅದರ ಉದ್ದೇಶ. ಇವಳು ಮಾಡಿದ್ದು ದಿನದ ಲೆಕ್ಕದ ಪರದೆ ಮತ್ತು ಅದರ ಕನ್ನಡ ಮಾತ್ರ. ‘ನಾವು ಸಂಶೋಧನೆ ನಡೆಸಿದೆವು, ನಾವು ವಿನ್ಯಾಸಗೊಳಿಸಿದೆವು’ ಎಂದು ಬರೆದರೆ ಮೊದಲ ಪ್ರಶ್ನೆಯೇ ‘ನೀವು ಏನು ಮಾಡಿದಿರಿ?’ ಎಂದು ಬರುತ್ತದೆ, ಅಲ್ಲಿ ತಡವರಿಸಿದರೆ ಉಳಿದದ್ದರ ಮೇಲೂ ಅನುಮಾನ. ಇಡೀ ಆ್ಯಪ್‌ನ ಪರದೆಗಳನ್ನು ಒಂದೇ ಸ್ಲೈಡಿನಲ್ಲಿ ಬೂದುಬಣ್ಣದಲ್ಲಿಟ್ಟು, ತನ್ನದನ್ನು ಮಾತ್ರ ಬಣ್ಣದಲ್ಲಿ ತೋರಿಸುವುದು ಪ್ರಾಮಾಣಿಕ ದಾರಿ, ಸುಲಭವೂ ಹೌದು.

ಇಂಟರ್ನ್‌ಶಿಪ್ ಕೆಲಸಕ್ಕೆ ಇನ್ನೊಂದು ತೊಡಕುಂಟು. ಸೇರುವಾಗ ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತಾರೆ, ಮರೆತೂ ಬಿಟ್ಟಿರುತ್ತಾರೆ. ಬಿಡುಗಡೆಯಾಗದ ಪರದೆಯನ್ನೋ ಗ್ರಾಹಕರ ನಿಜವಾದ ಹೆಸರು, ಮೊತ್ತಗಳನ್ನೋ ಡೆಕ್ಕಿನಲ್ಲಿ ಹಾಕಿದರೆ ಎದುರಿಗಿರುವವರು ನಾಳೆ ನಮ್ಮದನ್ನೂ ಹೀಗೆಯೇ ತೋರಿಸುತ್ತಾಳೆ ಎಂದುಕೊಳ್ಳುತ್ತಾರೆ. ಕೇಳಿ ಒಪ್ಪಿಗೆ ಪಡೆಯಬೇಕು, ಹೆಸರು, ಅಂಕಿ ಬದಲಿಸಬೇಕು. ಒಪ್ಪಿಗೆ ಸಿಗದಿದ್ದರೆ ಆ ಪ್ರಾಜೆಕ್ಟನ್ನು ಕೈಬಿಡಬೇಕು.

ಮೂರನೆಯದು ಕೈಚಳಕ ತೋರಿಸಲು: ಅಕ್ಷರ, ಬಣ್ಣ, ಮುದ್ರಣ. ಇಲ್ಲಿ ಮಾತು ಕಡಿಮೆ, ಚಿತ್ರ ಹೆಚ್ಚು. ಹಾಗೆಂದು ಕೇವಲ ಚೆಂದ ಸಾಲದು. ಹೊಸಬರ ಲೇಬಲ್ಲುಗಳಲ್ಲಿ ತೂಕ, ತಯಾರಾದ ದಿನಾಂಕ, ಸಸ್ಯಾಹಾರದ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ, ಇವುಗಳಿಗೆ ಜಾಗವೇ ಇರುವುದಿಲ್ಲ. ಪ್ಯಾಕೆಟ್ಟಿನ ಹಿಂಬದಿಯನ್ನು ಒಂದು ಸ್ಲೈಡಿನಲ್ಲಿ ತೋರಿಸಿದವಳು, ಇದು ಅಂಗಡಿಗೆ ಹೋಗುವ ವಸ್ತು ಎಂಬ ಅರಿವು ತನಗಿದೆ ಎಂದು ಹೇಳಿದಂತಾಯಿತು. ಹೆಸರಾದ ಊಟದ ಆ್ಯಪ್ ಒಂದನ್ನು ತನಗೆ ತೋಚಿದಂತೆ ತಿದ್ದಿ ಮೂರನೆಯ ಪ್ರಾಜೆಕ್ಟಾಗಿ ಹಾಕುವವರು ಬಹಳ. ನನಗಂತೂ ಅದಕ್ಕಿಂತ ಈ ಪುಟ್ಟ ಲೇಬಲ್ ವಾಸಿ. ದೊಡ್ಡ ಆ್ಯಪ್ ಹಾಗೇಕೆ ಇದೆ ಎಂಬ ಒಳಗಿನ ಕಾರಣಗಳು ಹೊರಗಿನವರಿಗೆ ತಿಳಿದಿರುವುದಿಲ್ಲ, ಆದ್ದರಿಂದ ತಿದ್ದುಪಡಿ ಸರಿಯೋ ತಪ್ಪೋ ಅಳೆಯಲು ದಾರಿಯೂ ಇಲ್ಲ.

ಇನ್ನು ಫೈಲಿನ ವಿಚಾರ. 1920ಕ್ಕೆ 1080 ಪಿಕ್ಸೆಲ್ ಅಳತೆಯ ಸ್ಲೈಡಿನಲ್ಲಿ 24ಕ್ಕಿಂತ ಸಣ್ಣ ಅಕ್ಷರ ಹಾಕಿದರೆ ಲ್ಯಾಪ್‌ಟಾಪಿನಲ್ಲಿ ಓದುವುದು ಕಷ್ಟ. ಎದುರು ನಿಂತು ವಿವರಿಸುವ ಡೆಕ್ಕಿನಲ್ಲಿ ಮಾತು ನಮ್ಮ ಬಾಯಲ್ಲಿರುತ್ತದೆ. ಮೇಲ್‌ನಲ್ಲಿ ಕಳಿಸುವುದಕ್ಕೆ ಆ ಆಸರೆ ಇಲ್ಲವಾದ್ದರಿಂದ ಅದೇ ಸ್ಲೈಡುಗಳಿಗೆ ಒಂದೆರಡು ವಾಕ್ಯ ಸೇರಿಸಿದ ಇನ್ನೊಂದು ಪ್ರತಿ ಬೇಕು. ಪಿಡಿಎಫ್ ಮಾಡಿಯೇ ಕಳಿಸಬೇಕು. ಪವರ್‌ಪಾಯಿಂಟ್ ಫೈಲನ್ನೇ ಕಳಿಸಿದರೆ ಅತ್ತ ಕಂಪ್ಯೂಟರಿನಲ್ಲಿ ಆ ಕನ್ನಡ ಫಾಂಟ್ ಇಲ್ಲದೆ ಸಾಲುಗಳೆಲ್ಲ ಕದಲಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲು ಮಾಡಿ ಫಿಗ್ಮಾದಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳು ಸಾಲುಗಟ್ಟುತ್ತವೆ, ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಜಿಮೇಲ್ 25 ಎಂಬಿ ತನಕ ಲಗತ್ತಿಸಲು ಬಿಡುತ್ತದೆ, ಆದರೆ ಫೋನಿನಲ್ಲಿ ತೆರೆಯುವವರನ್ನು ನೆನೆದು ಹತ್ತರೊಳಗೆ ಇಳಿಸುವುದು ಒಳ್ಳೆಯದು. ತೂಕವೆಲ್ಲ ಫೋಟೊಗಳದ್ದೇ. ಪ್ರತಿ ಸ್ಲೈಡಿಗೂ ಸಂಖ್ಯೆ ಇರಲಿ, ಫೋನಿನಲ್ಲಿ ಸಂದರ್ಶನ ನಡೆದಾಗ ‘ಏಳನೆಯದಕ್ಕೆ ಬನ್ನಿ’ ಎನ್ನಬಹುದು. ಫೈಲಿಗೆ `portfolio_final_new2.pdf` ಎಂದು ಹೆಸರಿಟ್ಟರೆ ಅತ್ತ ಕಡೆಯ ಫೋಲ್ಡರಿನಲ್ಲಿ ಅಂಥವು ರಾಶಿ ಬಿದ್ದಿರುತ್ತವೆ. ತನ್ನ ಹೆಸರು ಮತ್ತು ಅರ್ಜಿ ಹಾಕಿದ ಹುದ್ದೆ, ಇವೆರಡಿದ್ದರೆ ಮತ್ತೆ ಹುಡುಕುವವರಿಗೆ ಒಂದೇ ಸಲಕ್ಕೆ ಸಿಗುತ್ತದೆ.