ತಾರೀಖು ಹಾಕಿದ ದೂರು: ಮ್ಯಾನೇಜರ್ ವಿರುದ್ಧ ಎಚ್‌ಆರ್‌ಗೆ ಪತ್ರ

ಮ್ಯಾನೇಜರ್ ನಡವಳಿಕೆಯ ಬಗ್ಗೆ ಉದ್ಯೋಗಿಯೊಬ್ಬರು ಎಚ್‌ಆರ್‌ಗೆ ಕೊಡುವ ದೂರು ಪತ್ರ ಹಲವರ ಕೈ ದಾಟುತ್ತದೆ. ಮೊದಲು ಎಚ್‌ಆರ್ ಅಧಿಕಾರಿ ಓದುತ್ತಾರೆ, ಆಮೇಲೆ ಅವರ ಮೇಲಿನವರು, ವಿಚಾರಣೆ ನಡೆದರೆ ಅದನ್ನು ನಡೆಸುವವರು. ಆರೋಪ ಹೊತ್ತ ಮ್ಯಾನೇಜರಿಗೂ ಅದರ ಸಾರಾಂಶವಾದರೂ ತಲುಪುತ್ತದೆ, ಏಕೆಂದರೆ ಉತ್ತರ ಹೇಳಲು ಅವರಿಗೆ ಅವಕಾಶ ಕೊಡಲೇಬೇಕು. ಇವರಲ್ಲಿ ಹೆಚ್ಚಿನವರಿಗೆ ಬರೆದವರ ಮುಖಪರಿಚಯವೂ ಇರುವುದಿಲ್ಲ. ಹಾಗಾಗಿ ಬರೆದವರು ಪಕ್ಕದಲ್ಲಿ ನಿಂತು ವಿವರಿಸದಿದ್ದರೂ, ಹೇಳಿದ್ದು ನಿಜವೇ ಎಂದು ಓದುವವರು ತಾವೇ ಪರಿಶೀಲಿಸುವಂತಿರಬೇಕು. ತಾರೀಖು, ಸಮಯ, ಸ್ಥಳ ಬೇಕಾಗುವುದು ಇದಕ್ಕೇ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಸಪೋರ್ಟ್ ಟೀಮಿನ ಉದ್ಯೋಗಿಯೊಬ್ಬರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಕಂಪನಿ ಸೇರಿ ನಾಲ್ಕು ವರ್ಷವಾಗಿದೆ, ಹಿಂದಿನ ರೇಟಿಂಗ್‌ಗಳೆಲ್ಲ ಚೆನ್ನಾಗಿವೆ. 2025ರ ಆರಂಭದಲ್ಲಿ ಹೊಸ ಮ್ಯಾನೇಜರ್ ಬಂದ ಮೇಲೆ ತೊಂದರೆ ಶುರು. ಇಂಥವರು ಸಿಟ್ಟಿನಲ್ಲಿ ಬರೆಯುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ನಮ್ಮ ಮ್ಯಾನೇಜರ್ ಯಾವಾಗಲೂ ಎಲ್ಲರೆದುರು ನನ್ನನ್ನು ಅವಮಾನಿಸುತ್ತಾರೆ. ಹೊತ್ತು ಗೊತ್ತಿಲ್ಲದೆ ಮೆಸೇಜ್ ಮಾಡುತ್ತಾರೆ. ರಜೆ ಕೇಳಿದರೆ ಗದರುತ್ತಾರೆ. ಅವರದು ಸರ್ವಾಧಿಕಾರಿ ಸ್ವಭಾವ. ನನಗೆ ನ್ಯಾಯ ಬೇಕು.”

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಎಚ್‌ಆರ್ ಇದನ್ನು ಹಿಡಿದುಕೊಂಡು ಮ್ಯಾನೇಜರನ್ನು ಕರೆಸಿ ಕೇಳಿದರೆ “ಇಲ್ಲವಲ್ಲ, ಹಾಗೇನೂ ಇಲ್ಲ” ಎಂಬ ಒಂದೇ ಮಾತಿಗೆ ವಿಷಯ ಮುಗಿದುಹೋಗುತ್ತದೆ. ‘ಯಾವಾಗಲೂ’ ಎಂಬುದಕ್ಕೆ ಸಾಕ್ಷಿ ಹುಡುಕುವುದು ಸಾಧ್ಯವಿಲ್ಲ. ಸ್ವಭಾವದ ಮೇಲೆ ವಿಚಾರಣೆ ನಡೆಸುವುದೂ ಸಾಧ್ಯವಿಲ್ಲ. ಅದೇ ದೂರನ್ನು ಘಟನೆಗಳಾಗಿ ಬಿಡಿಸಿ ಬರೆದರೆ ಹೀಗಾಗುತ್ತದೆ:

“ಜೂನ್ 3, 2025, ಮಂಗಳವಾರ. ಬೆಳಿಗ್ಗೆ 10.15ರ ಟೀಮ್ ಮೀಟಿಂಗ್, ಎರಡನೇ ಮಹಡಿ. ಹಿಂದಿನ ದಿನ ನಾನು ಒಂದು ಟಿಕೆಟ್ ಮುಗಿಸುವುದು ಎರಡು ಗಂಟೆ ತಡವಾಗಿತ್ತು. ಕಾರಣ ಹೇಳುತ್ತಿದ್ದಾಗ ಮ್ಯಾನೇಜರ್ ಮಾತು ತುಂಡರಿಸಿ, ‘ನಿನ್ನ ತಲೇಲಿ ಇರೋದು ಮಿದುಳಾ, ಸಗಣಿನಾ?’ ಎಂದರು. ಟೀಮಿನ ಏಳು ಮಂದಿ ಇದ್ದರು.

“ಜೂನ್ 17, ಮಂಗಳವಾರ. ರಾತ್ರಿ 11.42ರಿಂದ 12.20ರೊಳಗೆ ವಾಟ್ಸಾಪ್‌ನಲ್ಲಿ ಆರು ಮೆಸೇಜ್. ನನ್ನ ಪಾಳಿ ಸಂಜೆ 6.30ಕ್ಕೆ ಮುಗಿದಿತ್ತು. ಆ ರಾತ್ರಿ ಆನ್‌ಕಾಲ್ ಸರದಿ ನನ್ನದಲ್ಲ. ಕೊನೆಯ ಮೆಸೇಜ್: ‘ಫೋನ್ ಎತ್ತದಿದ್ರೆ ಅಪ್ರೈಸಲ್‌ನಲ್ಲಿ ನೋಡ್ಕೋತೀನಿ.’ ಸ್ಕ್ರೀನ್‌ಶಾಟ್ ಲಗತ್ತಿಸಿದೆ.

“ಜುಲೈ 21, ಸೋಮವಾರ. ಡೆಂಗಿ ಜ್ವರಕ್ಕೆ ವೈದ್ಯರ ಚೀಟಿ ಸಹಿತ ಮೂರು ದಿನದ ಸಿಕ್ ಲೀವ್‌ಗೆ ಬೆಳಿಗ್ಗೆ 8.50ಕ್ಕೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. 9.30ಕ್ಕೆ ತಿರಸ್ಕಾರವಾಯಿತು. ಕಾರಣದ ಜಾಗದಲ್ಲಿ ‘ನಾಟಕ ಬೇಡ’ ಎಂದಿದೆ. ಮೂರು ದಿನದ ಸಂಬಳ ಕಡಿತವಾಗಿದೆ.”

ಈಗ ಎಚ್‌ಆರ್‌ಗೆ ಮಾಡಲು ಕೆಲಸವಿದೆ. ಜೂನ್ 3ರ ಮೀಟಿಂಗ್‌ಗೆ ಯಾರು ಬಂದಿದ್ದರು ಎಂಬುದು ಕ್ಯಾಲೆಂಡರ್‌ನಲ್ಲಿ ಸಿಗುತ್ತದೆ, ಆ ಏಳು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಕೇಳಬಹುದು. ಆನ್‌ಕಾಲ್ ಪಟ್ಟಿ ಕಂಪನಿಯಲ್ಲೇ ಇದೆ. ರಜೆ ತಿರಸ್ಕರಿಸಿದ ದಾಖಲೆ ಪೋರ್ಟಲ್‌ನಿಂದ ಅಳಿಯುವುದಿಲ್ಲ. ಮೊದಲ ಘಟನೆಯಲ್ಲಿ ತನ್ನ ಕಡೆಯ ತಡವನ್ನು ಉದ್ಯೋಗಿ ಮುಚ್ಚಿಟ್ಟಿಲ್ಲ ಎಂಬುದನ್ನೂ ಗಮನಿಸಬೇಕು. ಮುಚ್ಚಿಟ್ಟಿದ್ದರೆ ಮ್ಯಾನೇಜರ್ ಮೊದಲು ಎತ್ತುವ ಮಾತೇ ಅದು, ಆಗ ಬೈಗುಳದ ವಿಷಯ ಹಿಂದೆ ಸರಿದು ಟಿಕೆಟ್ಟಿನ ವಿಷಯ ಮುಂದೆ ಬರುತ್ತದೆ. ಆಡಿದ ಮಾತನ್ನು ಆಡಿದ ಹಾಗೆಯೇ, ಆಡಿದ ಭಾಷೆಯಲ್ಲೇ ಬರೆಯುವುದು ಒಳ್ಳೆಯದು. ಪತ್ರ ಇಂಗ್ಲಿಷಿನಲ್ಲಿದ್ದರೂ ಆ ಒಂದು ಸಾಲು ಕನ್ನಡದಲ್ಲೇ ಇರಲಿ. ಅದನ್ನು ‘ಅಸಭ್ಯ ಪದ ಬಳಸಿದರು’ ಎಂದು ನಯಗೊಳಿಸಿದರೆ ಏನಾಯಿತೆಂದೇ ಓದುವವರಿಗೆ ತಿಳಿಯುವುದಿಲ್ಲ.

ಮೂರು ಘಟನೆ ಸಾಕೇ ಎಂಬ ಅನುಮಾನ ಸಹಜ. ಇಪ್ಪತ್ತು ಘಟನೆಗಳ ಪಟ್ಟಿಗಿಂತ ಗಟ್ಟಿಯಾದ ಮೂರೋ ನಾಲ್ಕೋ ಘಟನೆ ಮೇಲು. ಪಟ್ಟಿ ಉದ್ದವಾದಷ್ಟೂ ‘ಗುಡ್ ಮಾರ್ನಿಂಗ್ ಹೇಳಿದರೆ ಮುಖ ತಿರುಗಿಸಿದರು’ ಎಂಬಂಥವೂ ನುಸುಳುತ್ತವೆ, ಓದುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕೆಲಸ ಸರಿಯಿಲ್ಲ ಎನ್ನುವುದು, ಗಡುವು ಕೊಡುವುದು, ಕೆಲಸ ಹಂಚುವುದು ಮ್ಯಾನೇಜರ್ ಅಧಿಕಾರದೊಳಗಿನ ಮಾತು. ಕಡಿಮೆ ರೇಟಿಂಗ್ ಬಂದದ್ದಕ್ಕೆ ಬಹಳಷ್ಟು ಕಂಪನಿಗಳಲ್ಲಿ ಬೇರೆಯೇ ಮೇಲ್ಮನವಿ ವ್ಯವಸ್ಥೆ ಇರುತ್ತದೆ. ಇವನ್ನೆಲ್ಲ ನಡವಳಿಕೆಯ ದೂರಿನೊಳಗೆ ಸೇರಿಸಿದರೆ ಅಪ್ರೈಸಲ್ ಸಿಟ್ಟಿಗೆ ಬರೆದ ಪತ್ರ ಎಂಬ ಹಣೆಪಟ್ಟಿ ಬೀಳುತ್ತದೆ.

ಎಡವುವುದು ಹೆಚ್ಚಾಗಿ ತಾರೀಖಿನಲ್ಲಿಯೇ. ಜೂನ್ 3 ಎಂದು ಬರೆದ ದಿನ ಮ್ಯಾನೇಜರ್ ರಜೆಯಲ್ಲಿದ್ದರೆಂದು ಗೊತ್ತಾದರೆ ಉಳಿದ ಎರಡು ಘಟನೆಗಳನ್ನೂ ಯಾರೂ ನಂಬುವುದಿಲ್ಲ. ನೆನಪಿನಿಂದ ಬರೆಯುವಾಗ ಕ್ಯಾಲೆಂಡರ್, ಚಾಟ್, ಕ್ಯಾಬ್ ರಸೀದಿ, ಅಂದೇ ಸ್ನೇಹಿತರಿಗೋ ಮನೆಯವರಿಗೋ ಕಳಿಸಿದ ಮೆಸೇಜ್ ಇವುಗಳ ಜೊತೆ ತಾಳೆ ನೋಡಬೇಕು. ದಿನ ಖಚಿತವಿಲ್ಲದಿದ್ದರೆ ‘ಜೂನ್ ಎರಡನೇ ವಾರ’ ಎಂದು ಬರೆದರೆ ಯಾವ ದೋಷವೂ ಇಲ್ಲ. ಊಹೆಯ ತಾರೀಖು ಮಾತ್ರ ಹಾಕಬಾರದು.

ಸಾಕ್ಷ್ಯ ಕೂಡಿಸುವ ಆತುರದಲ್ಲಿ ಆಗುವ ಇನ್ನೊಂದು ಎಡವಟ್ಟು, ಆಫೀಸಿನ ಮೇಲ್‌ಗಳನ್ನು ಸಾರಾಸಗಟಾಗಿ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವುದು. ಅದರಲ್ಲಿ ಗ್ರಾಹಕರ ಮಾಹಿತಿ ಇದ್ದರೆ ಗೌಪ್ಯತೆಯ ನಿಯಮ ಮುರಿದಂತೆ, ದೂರು ಕೊಟ್ಟವರ ಮೇಲೆಯೇ ಕ್ರಮ ಕೈಗೊಳ್ಳಲು ದಾರಿಯಾಗುತ್ತದೆ. ಕಂಪನಿಯ ಬಳಿಯೇ ಇರುವ ದಾಖಲೆಗೆ ಅದರ ದಿನಾಂಕ, ವಿಷಯದ ಸಾಲು ಬರೆದು ತೋರಿಸಿದರೆ ಸಾಕು.

ಎಲ್ಲ ದೂರೂ ಎಚ್‌ಆರ್ ಬಾಗಿಲಿಗೇ ಹೋಗಬೇಕಾದದ್ದಲ್ಲ. ಮಹಿಳೆಯ ಮೇಲಿನ ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯ್ದೆಯ ಪ್ರಕಾರ ಅದು ಆಂತರಿಕ ಸಮಿತಿಗೆ ಹೋಗಬೇಕು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಕಚೇರಿಯಲ್ಲೂ ಈ ಸಮಿತಿ ಇರಲೇಬೇಕು. ಅಲ್ಲಿ ತಾರೀಖಿಗೆ ಬೇರೆಯೇ ತೂಕವಿದೆ: ಘಟನೆ ನಡೆದ, ಸರಣಿಯಾಗಿದ್ದರೆ ಕೊನೆಯ ಘಟನೆ ನಡೆದ, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಬೈಗುಳ, ಬೆದರಿಕೆ, ರಾತ್ರಿ ಹೊತ್ತಿನ ಕಾಟದಂಥ ಸಾಮಾನ್ಯ ದುರ್ವರ್ತನೆಗೆ ಭಾರತದಲ್ಲಿ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. ಅಲ್ಲಿ ಆಧಾರ ಕಂಪನಿಯ ನೀತಿ ಸಂಹಿತೆಯೇ. ಆದ್ದರಿಂದ ಅದನ್ನು ತೆರೆದು, ಯಾವ ಘಟನೆ ಯಾವ ಕಲಮಿಗೆ ವಿರುದ್ಧ ಎಂದು ಪತ್ರದಲ್ಲಿ ಒಂದು ಸಾಲು ಸೇರಿಸುವುದು ಉಪಯುಕ್ತ. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಕುಂದುಕೊರತೆ ಪರಿಹಾರ ಸಮಿತಿಯೂ ಒಂದು. ತಮ್ಮ ಕಂಪನಿಯಲ್ಲಿ ಅಂಥದೊಂದು ಸಮಿತಿ ಇರಬಹುದೆಂಬ ಕಲ್ಪನೆಯೇ ಅನೇಕರಿಗಿಲ್ಲ.

ಪತ್ರದ ಕೊನೆಯ ಭಾಗ ಏನಾಗಬೇಕೆಂಬುದು. ಜನ ಅತ್ಯಂತ ಕಡಿಮೆ ಯೋಚಿಸಿ ಬರೆಯುವ ಭಾಗವೂ ಇದೇ. ‘ನ್ಯಾಯ ಬೇಕು’ ಎಂದರೆ ಎಚ್‌ಆರ್ ಮ್ಯಾನೇಜರಿಗೆ ಒಂದು ಮಾತು ಹೇಳಿ, ನ್ಯಾಯ ಒದಗಿಸಿದ್ದೇವೆಂದು ಕಡತ ಮುಚ್ಚಬಹುದು. ‘ಅವರನ್ನು ಕೆಲಸದಿಂದ ತೆಗೆಯಿರಿ’ ಎಂದರೆ, ವಿಚಾರಣೆಯ ನಂತರ ಕಂಪನಿ ತೀರ್ಮಾನಿಸಬೇಕಾದ ಶಿಕ್ಷೆಯನ್ನು ದೂರುದಾರರೇ ಬರೆದುಕೊಟ್ಟಂತೆ. ಎಚ್‌ಆರ್ ಕೈಯಲ್ಲಿ ಆಗುವಂಥದ್ದು, ಆಯಿತೋ ಇಲ್ಲವೋ ಎಂದು ದೂರುದಾರರೇ ನೋಡಿ ತಿಳಿಯಬಹುದಾದದ್ದು ಯಾವುದೋ ಅದನ್ನು ಕೇಳಬೇಕು. ನಮ್ಮ ಉದಾಹರಣೆಯ ಉದ್ಯೋಗಿ ಹೀಗೆ ಕೇಳಬಹುದು:

“30 ದಿನಗಳೊಳಗೆ ನಾನು ವರದಿ ಮಾಡಿಕೊಳ್ಳುವ ಮ್ಯಾನೇಜರನ್ನು ಬದಲಿಸಬೇಕು. ಅದಕ್ಕಾಗಿ ನನ್ನ ಹುದ್ದೆ, ಸಂಬಳ, ಪಾಳಿ ಬದಲಾಗಬಾರದು. ಈ ವರ್ಷದ ನನ್ನ ಅಪ್ರೈಸಲನ್ನು ಬೇರೆಯವರು ಮಾಡಬೇಕು. ಜುಲೈ 21ರಿಂದ 23ರವರೆಗಿನ ರಜೆಯನ್ನು ಸಿಕ್ ಲೀವ್ ಎಂದು ಪರಿಗಣಿಸಿ ಕಡಿತವಾದ ಸಂಬಳ ಮರಳಿಸಬೇಕು.”

ಹುದ್ದೆ, ಪಾಳಿಯ ಮಾತು ಸುಮ್ಮನೆ ಸೇರಿದ್ದಲ್ಲ. ‘ಟೀಮ್ ಬದಲಿಸಿ’ ಎಂದಷ್ಟೇ ಬರೆದವರು ರಾತ್ರಿ ಪಾಳಿಯ ಬೇರೆ ಪ್ರಾಜೆಕ್ಟಿಗೆ ಹೋಗಿ ಬೀಳುವುದುಂಟು. ಕೇಳಿದ್ದನ್ನೇ ಕೊಟ್ಟಿದ್ದೇವೆ ಎಂಬ ಉತ್ತರವೂ ಸಿದ್ಧವಿರುತ್ತದೆ.

ಪತ್ರವನ್ನು ಎಚ್‌ಆರ್‌ನ ಅಧಿಕೃತ ವಿಳಾಸಕ್ಕೆ ಮೇಲ್ ಮಾಡಿ, ತಲುಪಿದ್ದಕ್ಕೆ ಉತ್ತರ ಕೇಳಬೇಕು. ಕಂಪನಿಯ ನೀತಿಯಲ್ಲಿ ಹೇಳಿದವರಿಗಲ್ಲದೆ ಬೇರೆಯವರಿಗೆ ಪ್ರತಿ ಬೇಡ. ಮೇಲಿನ ಅಧಿಕಾರ ಇರುವವರಿಗೆ ಸದ್ಭಾವನೆಯಿಂದ ಒಬ್ಬರ ಮೇಲೆ ದೂರು ಕೊಡುವುದು ಮಾನನಷ್ಟವಲ್ಲ ಎಂದು ಹಳೆಯ ದಂಡ ಸಂಹಿತೆಯ 499ನೇ ಕಲಮಿನ ಅಪವಾದಗಳಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೆ. ಅದೇ ಪತ್ರವನ್ನು ಟೀಮಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಆ ರಕ್ಷಣೆ ಇರುವುದಿಲ್ಲ.

ಇಷ್ಟಾದ ಮೇಲೆ ಎಚ್‌ಆರ್ ಕರೆಯುತ್ತದೆ, ಬಹಳ ಸಲ ಬಾಯಿಮಾತಿನಲ್ಲಿಯೇ ವಿಷಯ ಇತ್ಯರ್ಥ ಮಾಡಲು ನೋಡುತ್ತದೆ. ಅಲ್ಲಿ ನಡೆದ ಮಾತುಕತೆಯನ್ನು ಅದೇ ಸಂಜೆ ನಾಲ್ಕು ಸಾಲಿನಲ್ಲಿ ಮೇಲ್ ಮಾಡಿಟ್ಟರೆ ಮುಂದೆ ‘ನಾವು ಹಾಗೆ ಹೇಳಿರಲಿಲ್ಲ’ ಎಂಬ ವಾದ ಹುಟ್ಟುವುದಿಲ್ಲ. ದೂರು ಹೋದ ಕೆಲವೇ ವಾರಗಳಲ್ಲಿ ಇದ್ದಕ್ಕಿದ್ದಂತೆ ಕೆಲಸ ಸುಧಾರಣೆಯ ನೋಟಿಸ್ ಕೈಗೆ ಬಂದರೆ, ಮೀಟಿಂಗ್‌ಗಳಿಂದ ಹೆಸರು ಬಿಟ್ಟರೆ, ಅದನ್ನೂ ತಾರೀಖು ಹಾಕಿ ಮೊದಲ ದೂರಿನ ಮುಂದುವರಿಕೆಯಾಗಿ ಬರೆಯಬೇಕು. ಹಳೆಯ ಒಳ್ಳೆಯ ರೇಟಿಂಗ್‌ಗಳು ಲೆಕ್ಕಕ್ಕೆ ಬರುವುದು ಆಗ.

ಎಚ್‌ಆರ್ ಕಂಪನಿಯ ವಿಭಾಗ, ಉದ್ಯೋಗಿಯ ವಕೀಲರಲ್ಲ. ಮ್ಯಾನೇಜರಿಗೆ ಎಚ್ಚರಿಕೆ ಕೊಟ್ಟರೋ, ಬಡ್ತಿ ತಡೆದರೋ ಎಂಬುದನ್ನು ದೂರುದಾರರಿಗೆ ಹೇಳದೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದಷ್ಟೇ ಉತ್ತರ ಬರುವುದು ವಾಡಿಕೆ. ಆ ವಿವರ ಕೇಳುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಆದರೆ ವರದಿ ಮಾಡಿಕೊಳ್ಳುವವರು ಬದಲಾದರೇ, ಅಪ್ರೈಸಲ್ ಯಾರ ಕೈಗೆ ಹೋಯಿತು, ಮೂರು ದಿನದ ಸಂಬಳ ಬಂತೇ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬಹುದು. ಆ ಉತ್ತರವೂ ಬಾರದಿದ್ದರೆ ಅದೇ ಪತ್ರ, ಅದೇ ಲಗತ್ತುಗಳೊಂದಿಗೆ ಕುಂದುಕೊರತೆ ಸಮಿತಿಗೋ ಎಚ್‌ಆರ್ ಮುಖ್ಯಸ್ಥರಿಗೋ ಹೋಗುತ್ತದೆ.